ಮನೆಯ ಕಂಪ್ಯೂಟರಿನಲ್ಲಿ ಚಿತ್ರ ಬರೆಸುವ ಮಾದರಿ: ಮೆಮೊರಿಯ ಲೆಕ್ಕ

ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಲ್ಯಾಬ್ಸ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಹೊರತಂದ ಫ್ಲಕ್ಸ್.1 ಡೆವ್ ಎಂಬ ಚಿತ್ರ ಮಾದರಿಯ ಮುಖ್ಯ ಕಡತದ ಗಾತ್ರ 23.8 ಜಿಬಿ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಗ್ರಾಫಿಕ್ಸ್ ಕಾರ್ಡಿನಲ್ಲಿ 8 ಅಥವಾ 12 ಜಿಬಿ ಮೆಮೊರಿ ಇರುತ್ತದೆ. ಹೀಗಿದ್ದೂ ಅದೇ ಮಾದರಿ 12 ಜಿಬಿಯ ಕಾರ್ಡಿನಲ್ಲಿ, ಪಟ್ಟು ಹಿಡಿದರೆ 8 ಜಿಬಿಯ ಕಾರ್ಡಿನಲ್ಲಿಯೂ ಓಡುತ್ತದೆ. ಇದು ಸಾಧ್ಯವಾಗುವುದು ಎರಡು ಕಾರಣಗಳಿಂದ. ಮಾದರಿಯ ಎಲ್ಲ ಭಾಗಗಳೂ ಒಂದೇ ಹೊತ್ತಿಗೆ ಕಾರ್ಡಿನಲ್ಲಿ ಇರಬೇಕಾಗಿಲ್ಲ ಎಂಬುದು ಒಂದು ಕಾರಣ. ಮಾದರಿಯೊಳಗಿನ ಸಂಖ್ಯೆಗಳನ್ನು ಕಡಿಮೆ ಜಾಗದಲ್ಲಿ, ಒರಟಾಗಿ ಬರೆದಿಡಬಹುದು ಎಂಬುದು ಇನ್ನೊಂದು. ಈ ಎರಡನೆಯದಕ್ಕೇ ಕ್ವಾಂಟೈಸೇಷನ್ ಎಂದು ಹೆಸರು. ಮೊದಲನೆಯದರಿಂದ ಚಿತ್ರಕ್ಕೆ ಯಾವ ಹಾನಿಯೂ ಇಲ್ಲ, ಸ್ವಲ್ಪ ಸಮಯ ಹೋಗುತ್ತದೆ ಅಷ್ಟೆ. ಎರಡನೆಯದರಲ್ಲಿ ಮಾತ್ರ ಏನನ್ನೋ ಬಿಟ್ಟುಕೊಡಬೇಕಾಗುತ್ತದೆ.

23.8 ಜಿಬಿ ಎಲ್ಲಿಂದ ಬಂತು ಎಂಬ ಲೆಕ್ಕ ಸರಳ. ತರಬೇತಿಯ ಅವಧಿಯಲ್ಲಿ ಮಾದರಿ ಕಲಿತದ್ದೆಲ್ಲ ಪ್ಯಾರಾಮೀಟರ್ ಎಂಬ ಸಂಖ್ಯೆಗಳ ರೂಪದಲ್ಲಿ ಉಳಿದಿರುತ್ತದೆ. ಫ್ಲಕ್ಸ್‌ನ ಮುಖ್ಯ ಜಾಲದಲ್ಲಿ ಇಂಥ ಸಂಖ್ಯೆಗಳು ಸುಮಾರು 1,190 ಕೋಟಿ. ಒಂದೊಂದನ್ನೂ 16 ಬಿಟ್‌ಗಳಲ್ಲಿ, ಅಂದರೆ 2 ಬೈಟ್‌ಗಳಲ್ಲಿ ಬರೆದಿದ್ದಾರೆ. 1,190 ಕೋಟಿಯನ್ನು ಎರಡರಿಂದ ಗುಣಿಸಿದರೆ 2,380 ಕೋಟಿ ಬೈಟ್, ಅದೇ 23.8 ಜಿಬಿ. ಯಾವುದೇ ಮಾದರಿಯ ಬಗ್ಗೆ ಅಂದಾಜು ಬೇಕಿದ್ದರೂ ಇದೇ ಗುಣಾಕಾರ ಸಾಕು. 2022ರ ಸ್ಟೇಬಲ್ ಡಿಫ್ಯೂಷನ್ 1.5ರ ಜಾಲದಲ್ಲಿ ಇದ್ದದ್ದು ಸುಮಾರು 86 ಕೋಟಿ ಪ್ಯಾರಾಮೀಟರ್. 16 ಬಿಟ್‌ಗಳಲ್ಲಿ ಅದು 1.7 ಜಿಬಿ ಮಾತ್ರ. ಆ ಕಾಲದಲ್ಲಿ 4 ಜಿಬಿಯ ಕಾರ್ಡ್ ಇದ್ದವರೂ ಮನೆಯಲ್ಲಿ ಚಿತ್ರ ಬರೆಸುತ್ತಿದ್ದುದಕ್ಕೆ, ಕ್ವಾಂಟೈಸೇಷನ್ ಎಂಬ ಮಾತು ಚಿತ್ರ ಮಾದರಿಗಳ ಕಡೆಗೆ ಅಷ್ಟಾಗಿ ಸುಳಿಯದೆ ಇದ್ದುದಕ್ಕೆ ಇದೇ ಕಾರಣ.

ಫ್ಲಕ್ಸ್ ಎಂದರೆ ಈ ಒಂದು ಕಡತವಲ್ಲ. ಬಳಕೆದಾರ ಬರೆದ ಪ್ರಾಂಪ್ಟನ್ನು ಓದಿ ಅದರ ಅರ್ಥವನ್ನು ಸಂಖ್ಯೆಗಳಾಗಿ ಮಾರ್ಪಡಿಸಲು ಟಿ5 ಎಂಬ ಭಾಷಾ ಜಾಲವಿದೆ. ಅದರ 16 ಬಿಟ್ ಕಡತವೇ 9.8 ಜಿಬಿ. ಜೊತೆಗೆ ಕ್ಲಿಪ್ ಎಂಬ ಪುಟ್ಟ ಜಾಲ, ಸುಮಾರು 250 ಎಂಬಿ. ಕೊನೆಯಲ್ಲಿ ವಿಎಇ ಎಂಬ ಇನ್ನೊಂದು ಪುಟ್ಟ ಜಾಲ, ಸುಮಾರು 335 ಎಂಬಿ. ಎಲ್ಲವನ್ನೂ ಕೂಡಿದರೆ 34 ಜಿಬಿ ದಾಟುತ್ತದೆ. ಈ ಮೊತ್ತವನ್ನು ಕಂಡು ಹಲವರು ಅಲ್ಲಿಗೇ ಕೈಬಿಡುತ್ತಾರೆ. ಆದರೆ ಕಾರ್ಡಿನ ಮೆಮೊರಿಗೆ ಸಂಬಂಧಿಸಿ ಈ ಮೊತ್ತಕ್ಕೆ ಹೆಚ್ಚಿನ ಅರ್ಥವಿಲ್ಲ.

ಕೆಲಸ ನಡೆಯುವ ಕ್ರಮವನ್ನು ನೋಡಿದರೆ ಇದು ತಿಳಿಯುತ್ತದೆ. ಮೊದಲು ಟಿ5 ಮತ್ತು ಕ್ಲಿಪ್ ಪ್ರಾಂಪ್ಟನ್ನು ಒಂದೇ ಒಂದು ಸಲ ಓದುತ್ತವೆ. ಅವು ಕೊಡುವ ಫಲಿತಾಂಶ ಕೆಲವೇ ಎಂಬಿಗಳಷ್ಟು. ಅದು ಸಿಕ್ಕ ಮೇಲೆ ಆ ಚಿತ್ರಕ್ಕೆ ಅವುಗಳ ಅಗತ್ಯವಿಲ್ಲ. ಅನಂತರ ಮುಖ್ಯ ಜಾಲದ ಸರದಿ. ಅದು ಬರೀ ಗೊಂದಲದಿಂದ, ಅಂದರೆ ಯಾದೃಚ್ಛಿಕ ಸಂಖ್ಯೆಗಳಿಂದ ಹೊರಟು, ಸಾಮಾನ್ಯವಾಗಿ 20ರಿಂದ 30 ಹಂತಗಳಲ್ಲಿ ಅದನ್ನು ಚಿತ್ರವಾಗಿ ತಿದ್ದುತ್ತದೆ. ಈ ತಿದ್ದುವಿಕೆ ನಡೆಯುವುದು ನಿಜವಾದ ಚಿತ್ರದ ಮೇಲಲ್ಲ, ಅದರ ಕುಗ್ಗಿಸಿದ ರೂಪದ ಮೇಲೆ. 1024 × 1024 ಪಿಕ್ಸೆಲ್‌ಗಳ ಚಿತ್ರ ಇಲ್ಲಿ ಉದ್ದಗಲಗಳೆರಡರಲ್ಲೂ ಎಂಟನೇ ಒಂದರಷ್ಟಾಗಿ, 128 × 128 ಚೌಕಗಳಲ್ಲಿ ಇರುತ್ತದೆ. ಎಲ್ಲ ಹಂತಗಳೂ ಮುಗಿದ ಮೇಲೆ ವಿಎಇ ಈ ಕುಗ್ಗಿದ ರೂಪವನ್ನು ಬಿಡಿಸಿ ಕಣ್ಣಿಗೆ ಕಾಣುವ ಚಿತ್ರವಾಗಿಸುತ್ತದೆ. ಮೂರೂ ಕೆಲಸಗಳು ಒಂದಾದ ಮೇಲೊಂದು. ಕಂಫಿಯುಐಯಂಥ ತಂತ್ರಾಂಶಗಳು ಕೆಲಸ ಮುಗಿದ ಭಾಗವನ್ನು ಕಾರ್ಡಿನಿಂದ ಕಂಪ್ಯೂಟರಿನ ಸಾಮಾನ್ಯ ರ‍್ಯಾಮಿಗೆ ಇಳಿಸಿ ಮುಂದಿನದನ್ನು ಏರಿಸುತ್ತವೆ. ಹಾಗಾಗಿ ಕಾರ್ಡಿಗೆ ಬೇಕಾದದ್ದು 34 ಜಿಬಿಯಲ್ಲ, ಇವುಗಳಲ್ಲಿ ಅತ್ಯಂತ ದೊಡ್ಡ ಭಾಗಕ್ಕೆ ಸಾಲುವಷ್ಟು ಜಾಗ ಮತ್ತು ಅದರ ಮೇಲೆ ಕೆಲಸದ ಜಾಗ.

ಇಳಿಸಿದ್ದು ಎಲ್ಲೋ ಇರಬೇಕಲ್ಲ. ಆ ಭಾರ ರ‍್ಯಾಮಿನ ಮೇಲೆ ಬೀಳುತ್ತದೆ. ಕಾರ್ಡಿಗೆ ದುಡ್ಡು ಸುರಿದು ರ‍್ಯಾಮನ್ನು 16 ಜಿಬಿಯಲ್ಲೇ ಬಿಟ್ಟವರ ಕಂಪ್ಯೂಟರು ಪ್ರಾಂಪ್ಟ್ ಬದಲಿಸಿದಾಗಲೆಲ್ಲ ಡಿಸ್ಕಿನಿಂದ 10 ಜಿಬಿಯ ಟಿ5ಯನ್ನು ಮತ್ತೆ ಓದುತ್ತಾ ಕೂರುತ್ತದೆ. 32 ಜಿಬಿ ರ‍್ಯಾಮ್ ಇದ್ದರೆ ಈ ಕಾಯುವಿಕೆ ಬಹುಪಾಲು ತಪ್ಪುತ್ತದೆ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿಗಿಂತ ರ‍್ಯಾಮ್ ಅಗ್ಗ, ಆಮೇಲೂ ಸೇರಿಸಬಹುದು. ಕಾರ್ಡಿನ ಮೆಮೊರಿಯನ್ನು ಕೊಂಡ ಮೇಲೆ ಹೆಚ್ಚಿಸುವ ದಾರಿಯೇ ಇಲ್ಲ.

ಕೆಲಸದ ಜಾಗ ಎಷ್ಟು ಎಂಬುದನ್ನು ಕಡತದ ಗಾತ್ರ ಹೇಳುವುದಿಲ್ಲ. ಫ್ಲಕ್ಸ್‌ನಲ್ಲಿ 128 × 128ರ ಕುಗ್ಗಿದ ಚಿತ್ರವನ್ನು ನಾಲ್ಕು ನಾಲ್ಕು ಚೌಕಗಳ ತುಣುಕುಗಳಾಗಿ ಮಾಡುತ್ತಾರೆ. ಒಟ್ಟು 4,096 ತುಣುಕು. ಪ್ರಾಂಪ್ಟಿನ ಕಡೆಯಿಂದ 512 ತುಣುಕು. ಈ 4,608 ತುಣುಕುಗಳಲ್ಲಿ ಪ್ರತಿಯೊಂದೂ ಜಾಲದೊಳಗೆ 3,072 ಸಂಖ್ಯೆಗಳ ಸಾಲು. ಒಂದು ಪದರವನ್ನು ದಾಟುವಾಗ ಆ ಸಾಲು ತಾತ್ಕಾಲಿಕವಾಗಿ ಏಳು ಪಟ್ಟು ಅಗಲವಾಗುವುದುಂಟು. ಆಗಲೂ ಅದು ಹಿಡಿಯುವುದು ಸುಮಾರು 200 ಎಂಬಿ. ಪದರ ದಾಟಿದ ಕೂಡಲೇ ಆ ಜಾಗ ಮುಂದಿನ ಪದರಕ್ಕೆ ಸಿಗುತ್ತದೆ. ಭಾಷಾ ಮಾದರಿಗಳಲ್ಲಿ ಸಂಭಾಷಣೆ ಉದ್ದವಾದಂತೆ ಮೆಮೊರಿ ತುಂಬುತ್ತಾ ಹೋಗುವ ತಾಪತ್ರಯ ಇಲ್ಲಿಲ್ಲ. 30ನೇ ಹಂತ ಬಳಸುವುದೂ ಮೊದಲ ಹಂತ ಬಳಸಿದಷ್ಟನ್ನೇ. ತಂತ್ರಾಂಶದ ಸ್ವಂತ ಖರ್ಚೂ ಸೇರಿ ಒಂದೂವರೆಯಿಂದ ಎರಡು ಜಿಬಿ ಬಿಟ್ಟರೆ ಈ ಗಾತ್ರದ ಚಿತ್ರಕ್ಕೆ ಸಾಮಾನ್ಯವಾಗಿ ಸಾಲುತ್ತದೆ. ಚಿತ್ರದ ಉದ್ದಗಲಗಳನ್ನು ಇಮ್ಮಡಿಸಿದರೆ ತುಣುಕುಗಳು ನಾಲ್ಕು ಪಟ್ಟಾಗುತ್ತವೆ, ಕೆಲಸದ ಜಾಗವೂ ಅದೇ ಹಾದಿಯಲ್ಲಿ ಬೆಳೆಯುತ್ತದೆ.

ಅನಿರೀಕ್ಷಿತವಾಗಿ ತೊಂದರೆ ಕೊಡುವುದು ಎಲ್ಲಕ್ಕಿಂತ ಚಿಕ್ಕದೆನಿಸುವ ವಿಎಇ. ಅದರ ಕಡತ ಪುಟ್ಟದು, ಆದರೆ ಅದು ಕೆಲಸ ಮಾಡುವುದು ಪೂರ್ಣ ಗಾತ್ರದ ಚಿತ್ರದ ಮೇಲೆ. ಕೊನೆಯ ಪದರಗಳಲ್ಲಿ 1024 × 1024ರ ಪ್ರತಿ ಪಿಕ್ಸೆಲಿಗೂ 256 ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತದೆ. ಇಂಥ ಒಂದು ಹಾಳೆಗೇ 16 ಬಿಟ್‌ಗಳಲ್ಲಿ ಅರ್ಧ ಜಿಬಿ ಬೇಕು. ಏಕಕಾಲಕ್ಕೆ ಇಂಥ ಹಲವು ಹಾಳೆಗಳು ಬೇಕಾಗುತ್ತವೆ. ಹಂತಗಳೆಲ್ಲ ಸರಾಗವಾಗಿ ಮುಗಿದು, ಚಿತ್ರ ಇನ್ನೇನು ಬಂತು ಎನ್ನುವಾಗ ಮೆಮೊರಿ ಸಾಲದೆಂಬ ದೂರು ಬಂದರೆ ತಪ್ಪು ಮುಖ್ಯ ಜಾಲದ್ದಲ್ಲ, ಈ ಕೊನೆಯ ಹೆಜ್ಜೆಯದು. ಇದಕ್ಕೆ ಪರಿಹಾರ ಕ್ವಾಂಟೈಸೇಷನ್ ಅಲ್ಲ. ಚಿತ್ರವನ್ನು ತುಂಡು ತುಂಡಾಗಿ ಬಿಡಿಸಿ ಅಂಚುಗಳನ್ನು ಬೆಸೆಯುವ ವ್ಯವಸ್ಥೆ ಹಲವು ತಂತ್ರಾಂಶಗಳಲ್ಲಿ ಇದೆ, ಅದನ್ನು ಆನ್ ಮಾಡಿದರೆ ಆಯಿತು.

ಇನ್ನು ಕಾರ್ಡಿನ ಕಡೆಯ ಲೆಕ್ಕ. ಎನ್‌ವಿಡಿಯಾದ ಆರ್‌ಟಿಎಕ್ಸ್ 3060ಯ 12 ಜಿಬಿ ಆವೃತ್ತಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಈ ಕೆಲಸಕ್ಕೆ ಅದು ಬಹಳ ಮಂದಿ ಬಳಸುವ ಕಾರ್ಡು. ಇಲ್ಲಿ ಒಂದು ಸಣ್ಣ ತೊಡಕಿದೆ. ಕಡತದ ಗಾತ್ರ ಹೇಳುವ ಜಿಬಿ 100 ಕೋಟಿ ಬೈಟ್‌ಗಳದು, ಕಾರ್ಡಿನ ಜಿಬಿ 1024ರ ಘನದಷ್ಟು ಬೈಟ್‌ಗಳದು, ಅಂದರೆ ಸುಮಾರು ಶೇ 7ರಷ್ಟು ದೊಡ್ಡದು. ಕಾರ್ಡಿನ 12 ಜಿಬಿ ಎಂದರೆ ಕಡತದ ಭಾಷೆಯಲ್ಲಿ 12.9 ಜಿಬಿ. ಗೊಂದಲ ಬೇಡವೆಂದರೆ ಎರಡನ್ನೂ ಮೆಬಿಬೈಟಿಗೆ ತಂದು ನೋಡುವುದು ಒಳ್ಳೆಯದು. ಈ ಆಜ್ಞೆ ಕೊಟ್ಟರೆ ಕಾರ್ಡಿನ ಬಳಕೆಯನ್ನು ಸೆಕೆಂಡಿಗೊಮ್ಮೆ ಅದೇ ಮಾನದಲ್ಲಿ ತೋರಿಸುತ್ತದೆ:

```
nvidia-smi --query-gpu=memory.used,memory.total --format=csv -l 1
```

3060ಗೆ ಒಟ್ಟು 12,288 ಎಂದು ಬರುತ್ತದೆ. ಮಾದರಿಯನ್ನು ಏರಿಸುವ ಮೊದಲೇ ಬಳಕೆಯ ಅಂಕಣದಲ್ಲಿ 500ರಿಂದ 1,500 ಕಾಣಿಸಿದರೆ ಅದು ಪರದೆ ಮತ್ತು ಬ್ರೌಸರು ತಿಂದ ಪಾಲು. ಮಾನಿಟರನ್ನು ಮದರ್‌ಬೋರ್ಡಿನ ಗ್ರಾಫಿಕ್ಸಿಗೆ ಜೋಡಿಸಿದರೆ ಈ ಪಾಲಿನ ಬಹುಭಾಗ ಖರ್ಚಿಲ್ಲದೆ ವಾಪಸು ಸಿಗುತ್ತದೆ.

ಜಾಗ ಸಾಲದಿದ್ದರೆ ಏನಾಗುತ್ತದೆ? ಒಂದು ಬಗೆಯಲ್ಲಿ ಕೆಲಸ ಅಲ್ಲೇ ನಿಂತು ಪರದೆಯ ಮೇಲೆ `CUDA out of memory` ಎಂಬ ಸಾಲು ಬರುತ್ತದೆ. ಇದು ಒಳ್ಳೆಯ ಬಗೆ, ಏಕೆಂದರೆ ಏನಾಯಿತೆಂದು ಗೊತ್ತಾಗುತ್ತದೆ. 2023ರಿಂದೀಚೆಗೆ ವಿಂಡೋಸ್‌ನಲ್ಲಿ ಎನ್‌ವಿಡಿಯಾ ಡ್ರೈವರು ಇನ್ನೊಂದು ದಾರಿ ಹಿಡಿಯುತ್ತದೆ: ಹಿಡಿಯದ ಭಾಗವನ್ನು ಸದ್ದಿಲ್ಲದೆ ರ‍್ಯಾಮಿಗೆ ಸರಿಸುತ್ತದೆ. 3060 ತನ್ನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ 360 ಜಿಬಿ ಓದಬಲ್ಲದು. ರ‍್ಯಾಮಿನಿಂದ ಓದಬೇಕಾದರೆ ಎಲ್ಲವೂ ಪಿಸಿಐಇ ಹಾದಿಯಲ್ಲಿ ಬರಬೇಕು. ಅಲ್ಲಿ ಸಿದ್ಧಾಂತದ ಪ್ರಕಾರವೇ ಸೆಕೆಂಡಿಗೆ 32 ಜಿಬಿ ಮಿತಿ, ಮದರ್‌ಬೋರ್ಡು ಹಳೆಯದಾದರೆ ಅದರರ್ಧ. ದೋಷದ ಸಂದೇಶವಿಲ್ಲ, ಚಿತ್ರವೂ ಬರುತ್ತದೆ, ಆದರೆ ಎರಡು ನಿಮಿಷದ ಕೆಲಸಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಕಾರ್ಡೇ ನಿಧಾನ ಎಂದು ಬೈಯುವ ಮುನ್ನ ಟಾಸ್ಕ್ ಮ್ಯಾನೇಜರಿನಲ್ಲಿ `Shared GPU memory` ಎಂಬ ಸಾಲನ್ನು ನೋಡಬೇಕು. ಚಿತ್ರ ತಯಾರಾಗುವಾಗ ಆ ಅಂಕಿ ಮೇಲೇರಿದರೆ ಮೆಮೊರಿ ಹೊರಚೆಲ್ಲಿದೆ ಎಂದೇ ಅರ್ಥ. ಮಾದರಿಯ ಕೆಲವು ಪದರಗಳನ್ನು ಬೇಕೆಂದೇ ರ‍್ಯಾಮಿನಲ್ಲಿಟ್ಟು ಸರದಿಯ ಮೇಲೆ ತರಿಸಿಕೊಳ್ಳುವ ವಿಧಾನವೂ ತಂತ್ರಾಂಶಗಳಲ್ಲಿ ಇದೆ. ಮುಂದಿನ ಪದರ ಯಾವುದೆಂದು ಅದಕ್ಕೆ ಮೊದಲೇ ಗೊತ್ತಿರುವುದರಿಂದ ಡ್ರೈವರಿನ ಕುರುಡು ಸಾಗಣೆಗಿಂತ ಅದು ಎಷ್ಟೋ ವಾಸಿ.

23.8 ಜಿಬಿಯ ಕಡತವನ್ನು 12 ಜಿಬಿಯ ಕಾರ್ಡಿಗೆ ಪೂರ್ತಿಯಾಗಿ ಇಳಿಸಬೇಕೆಂದರೆ ಪ್ರತಿ ಸಂಖ್ಯೆಗೂ 16 ಬಿಟ್ ಕೊಡಲಾಗದು. ಕ್ವಾಂಟೈಸೇಷನ್ ಇಲ್ಲಿ ಬರುತ್ತದೆ. ಅದರಲ್ಲಿ ಒಂದೇ ಒಂದು ಕ್ರಿಯೆಯಿದೆ: ಸಂಖ್ಯೆಯನ್ನು ಹತ್ತಿರದ ಅನುಮತಿತ ಬೆಲೆಗೆ ದುಂಡಾಗಿಸುವುದು. 4 ಬಿಟ್‌ಗಳಲ್ಲಿ ಬರೆಯಬಹುದಾದ ಬೆಲೆಗಳು ಹದಿನಾರೇ. ಆ ಹದಿನಾರನ್ನು ಎಲ್ಲಿ, ಎಷ್ಟು ಅಂತರದಲ್ಲಿ ಇಡಬೇಕು ಎಂಬುದರಲ್ಲೇ ಎಲ್ಲ ಜಾಣತನವೂ ಇರುವುದು.

ಇದನ್ನು ಒಂದು ಸಂಖ್ಯೆಯ ಮೂಲಕ ನೋಡಬಹುದು. ಜಾಲದಲ್ಲಿ 0.0123 ಎಂಬ ಪ್ಯಾರಾಮೀಟರ್ ಇದೆ ಎನ್ನೋಣ. ಮೊದಲಿಗೆ ಅದನ್ನು ಎಫ್‌ಪಿ8 ಎಂಬ 8 ಬಿಟ್‌ಗಳ ದಶಮಾಂಶ ಪದ್ಧತಿಯಲ್ಲಿ ಬರೆದರೆ? ಬಹುಪಾಲು ಎಫ್‌ಪಿ8 ಕಡತಗಳು ಬಳಸುವ ಬಗೆಯಲ್ಲಿ ಸೊನ್ನೆಯ ಹತ್ತಿರದ ಬೆಲೆಗಳ ನಡುವಿನ ಅಂತರ ಸುಮಾರು 0.00195. ಹಾಗಾಗಿ ನಮ್ಮ ಸಂಖ್ಯೆ 0.0117 ಆಗುತ್ತದೆ. ಈ ಪದ್ಧತಿಗೆ 448ರವರೆಗಿನ ಸಂಖ್ಯೆಗಳನ್ನು ಬರೆಯುವ ಶಕ್ತಿಯಿದೆ, ಆದರೆ ಜಾಲದ ಪ್ಯಾರಾಮೀಟರ್‌ಗಳಲ್ಲಿ ಹೆಚ್ಚಿನವು ಸೊನ್ನೆಯ ಸುತ್ತಲೇ ಗುಂಪುಗೂಡಿರುತ್ತವೆ. ಬಳಕೆಯಾಗದ ದೊಡ್ಡ ಬೆಲೆಗಳಿಗಾಗಿ ಬಿಟ್‌ಗಳು ಪೋಲಾಗುತ್ತವೆ.

ಜಿಜಿಯುಎಫ್ ಕಡತಗಳ `Q8_0` ಎಂಬ ಬಗೆಯೂ 8 ಬಿಟ್‌ಗಳದೇ, ಆದರೆ ದಾರಿ ಬೇರೆ. ಅದು 32 ಸಂಖ್ಯೆಗಳನ್ನು ಒಂದು ಗುಂಪಾಗಿ ಮಾಡುತ್ತದೆ. ಗುಂಪಿನಲ್ಲಿ ಅತಿ ದೊಡ್ಡದು ಯಾವುದೋ ಅದನ್ನು 127ಕ್ಕೆ ಸಮ ಎಂದಿಟ್ಟು, ಉಳಿದವನ್ನು ಆ ಅಳತೆಯಲ್ಲಿ ಪೂರ್ಣಾಂಕಗಳಾಗಿ ಬರೆಯುತ್ತದೆ. ಅಳತೆಯನ್ನು ಗುಂಪಿನ ಜೊತೆ 16 ಬಿಟ್‌ಗಳಲ್ಲಿ ಬೇರೆಯಾಗಿ ಬರೆದಿಡುತ್ತದೆ. ಗುಂಪಿನ ಅತಿ ದೊಡ್ಡ ಸಂಖ್ಯೆ 0.04 ಆಗಿದ್ದರೆ ಅಂತರ ಸುಮಾರು 0.0003, 0.0123 ಎಂಬುದು 0.01228 ಆಗಿ ಉಳಿಯುತ್ತದೆ. ಪ್ರತಿ ಗುಂಪಿಗೂ ಅಳತೆಯನ್ನು ಬರೆಯಬೇಕಾದ್ದರಿಂದ ಒಂದು ಸಂಖ್ಯೆಗೆ ಸರಾಸರಿ ಎಂಟೂವರೆ ಬಿಟ್ ಬೀಳುತ್ತದೆ. ಆದ್ದರಿಂದಲೇ ಫ್ಲಕ್ಸ್‌ನ ಎಫ್‌ಪಿ8 ಕಡತ 11.9 ಜಿಬಿ, `Q8_0` ಕಡತ 12.7 ಜಿಬಿ. ಆ ಹೆಚ್ಚುವರಿ ಮುಕ್ಕಾಲು ಜಿಬಿಗೆ ಸಿಗುವ ನಿಖರತೆ ದೊಡ್ಡದು. ಎರಡೂ 8 ಬಿಟ್ ತಾನೇ ಎಂದು ಒಂದೇ ತಕ್ಕಡಿಯಲ್ಲಿ ತೂಗುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಈಗ ಅದೇ ಗುಂಪನ್ನು `Q4_0` ಬಗೆಯಲ್ಲಿ 4 ಬಿಟ್‌ಗಳಿಗೆ ಇಳಿಸಿದರೆ, ಅತಿ ದೊಡ್ಡ ಸಂಖ್ಯೆ 8ಕ್ಕೆ ಸಮ. ಅಂತರ 0.005. ನಮ್ಮ 0.0123 ಈಗ 0.010. ಶೇ 19ರಷ್ಟು ತಪ್ಪು, ಆದರೂ ಸಂಖ್ಯೆಯ ಚಹರೆ ಉಳಿದಿದೆ. ಆ 32ರಲ್ಲಿ ಒಂದೇ ಒಂದು ಸಂಖ್ಯೆ 0.24 ಆಗಿದ್ದರೆ ಕಥೆಯೇ ಬೇರೆ. ಅಳತೆ ಆ ಒಂದರ ಮೇಲೆ ನಿಲ್ಲುತ್ತದೆ, ಅಂತರ 0.03ಕ್ಕೆ ಹಿಗ್ಗುತ್ತದೆ, 0.0123ಕ್ಕೆ ಅತಿ ಹತ್ತಿರದ ಬೆಲೆ ಸೊನ್ನೆಯಾಗುತ್ತದೆ. ಅದರ ಜೊತೆಗೆ ಗುಂಪಿನ ಸಣ್ಣ ಸಂಖ್ಯೆಗಳಲ್ಲಿ ಬಹುಪಾಲು ಸೊನ್ನೆಯಾಗಿ ಹೋಗುತ್ತವೆ. ಊರ ಮೆರವಣಿಗೆಯಲ್ಲಿ ಒಬ್ಬ ಆಜಾನುಬಾಹುವಿಗೆ ಕಾಣುವಂತೆ ಕ್ಯಾಮೆರಾ ಹಿಂದಕ್ಕೆ ಸರಿಸಿದರೆ ಮಕ್ಕಳ ಮುಖಗಳೆಲ್ಲ ಚುಕ್ಕೆಯಾಗುವ ಹಾಗೆ. ಕ್ವಾಂಟೈಸೇಷನ್ನಿನ ಹಾನಿ ಎಲ್ಲ ಸಂಖ್ಯೆಗಳಿಗೂ ಸಮವಾಗಿ ಹಂಚಿಕೊಂಡು ಬರುವುದಿಲ್ಲ. ಇಂಥ ಒಂಟಿ ದೊಡ್ಡ ಸಂಖ್ಯೆಗಳ ನೆರೆಹೊರೆಯಲ್ಲಿ ಅದು ಗುಡ್ಡೆಬೀಳುತ್ತದೆ.

ಹೊಸ ವಿಧಾನಗಳೆಲ್ಲ ಈ ಒಂದೇ ತೊಂದರೆಯ ಸುತ್ತ ಹುಟ್ಟಿದವು. ಹೆಸರಿನಲ್ಲಿ `K` ಇರುವ ಜಿಜಿಯುಎಫ್ ಬಗೆಗಳು ದೊಡ್ಡ ಗುಂಪಿನೊಳಗೆ ಚಿಕ್ಕ ಗುಂಪುಗಳನ್ನು ಮಾಡಿ ಅಳತೆಗಳನ್ನೂ ಚಿಕ್ಕದಾಗಿ ಬರೆದು ಜಾಗ ಉಳಿಸುತ್ತವೆ. ಅಮೆರಿಕದ ಎಂಐಟಿಯ ಸಂಶೋಧಕರು 2024ರ ನವೆಂಬರಿನಲ್ಲಿ ಪ್ರಕಟಿಸಿದ ಎಸ್‌ವಿಡಿಕ್ವಾಂಟ್ ವಿಧಾನದ ಉಪಾಯ ಹೆಚ್ಚು ಸ್ವಾರಸ್ಯದ್ದು. ಅದು ದೊಡ್ಡ ಸಂಖ್ಯೆಗಳ ಪ್ರಭಾವವನ್ನು ಒಂದು ತೆಳ್ಳನೆಯ ಪಕ್ಕದ ಕವಲಿಗೆ ಎತ್ತಿಹಾಕಿ ಆ ಕವಲನ್ನು 16 ಬಿಟ್‌ಗಳಲ್ಲೇ ಉಳಿಸುತ್ತದೆ. ದೈತ್ಯರು ಹೋದ ಮೇಲೆ ಉಳಿದದ್ದು ಸಮತಟ್ಟಾಗಿರುವುದರಿಂದ ಅದನ್ನು 4 ಬಿಟ್‌ಗಳಿಗೆ ಇಳಿಸಿದರೂ ನಷ್ಟ ಕಡಿಮೆ.

ಬಿಟ್‌ಗಳ ಲೆಕ್ಕ ಕಾರ್ಡಿನ ಮೇಲೆ ಹೇಗೆ ಕೂರುತ್ತದೆ ಎಂದು ನೋಡಲು ಮತ್ತೆ 3060ಗೆ ಬರಬೇಕು. `Q8_0`ನ 12.7 ಜಿಬಿ ಎಂದರೆ 12,100 ಮೆಬಿಬೈಟ್. ಒಟ್ಟು 12,288ರಲ್ಲಿ ಉಳಿಯುವುದು 200ಕ್ಕೂ ಕಡಿಮೆ. ಕಾಗದದ ಮೇಲೆ ಹಿಡಿಸುತ್ತದೆ, ಕೆಲಸಕ್ಕೆ ಜಾಗವಿಲ್ಲ. ಎಫ್‌ಪಿ8 ಕಡತ ಬಿಡುವುದು ಸುಮಾರು 900. ಅದೂ ಸಾಲದು, ಕೆಲವು ಪದರಗಳನ್ನು ರ‍್ಯಾಮಿನಲ್ಲಿ ಇಡಬೇಕಾಗುತ್ತದೆ. 9.9 ಜಿಬಿಯ `Q6_K` ಸುಮಾರು 2,900 ಬಿಡುತ್ತದೆ. ಪರದೆಗೂ ಕೆಲಸಕ್ಕೂ ಕೂಡಿ ಇಷ್ಟು ಸಾಲುತ್ತದೆ. 8.3 ಜಿಬಿಯ `Q5_K_S` ಆಯ್ದರೆ 4,000ಕ್ಕೂ ಹೆಚ್ಚು ಉಳಿದು, ಇನ್ನಷ್ಟು ದೊಡ್ಡ ಚಿತ್ರಕ್ಕೆ ಅಥವಾ ಹೆಚ್ಚುವರಿ ಜೋಡಣೆಗಳಿಗೆ ಅವಕಾಶ ಸಿಗುತ್ತದೆ. 8 ಜಿಬಿಯ ಕಾರ್ಡ್ ಇದ್ದವರಿಗೆ 6.8 ಜಿಬಿಯ `Q4_K_S`ವರೆಗೆ ಇಳಿಯದೆ ಗತಿಯಿಲ್ಲ. ಅದರಲ್ಲೂ ಕೆಲಸಕ್ಕೆ ಉಳಿಯುವುದು 1,700ರಷ್ಟೇ ಆದ್ದರಿಂದ ಬ್ರೌಸರನ್ನು ಮುಚ್ಚಿ ಕೂರಬೇಕು. 12 ಜಿಬಿಯ ಕಾರ್ಡಿಗೆ `Q6_K` ಅತ್ಯಂತ ಹೊಂದುವ ಆಯ್ಕೆ. ಅದಕ್ಕಿಂತ ಕೆಳಗಿಳಿಯಲು ಏನಾದರೂ ಕಾರಣ ಬೇಕು.

ಹಾಗಾದರೆ ಕೆಳಗಿಳಿದಾಗ ಚಿತ್ರದಲ್ಲಿ ಹೋಗುವುದೇನು? ಇದನ್ನು ಪರೀಕ್ಷಿಸುವುದು ಸುಲಭ. ಪ್ರಾಂಪ್ಟು, ಹಂತಗಳ ಸಂಖ್ಯೆ, ಚಿತ್ರದ ಗಾತ್ರ ಮತ್ತು ಆರಂಭದ ಗೊಂದಲವನ್ನು ನಿಗದಿಪಡಿಸುವ ಸೀಡ್ ಸಂಖ್ಯೆ ಇವನ್ನೆಲ್ಲ ಹಾಗೆಯೇ ಇಟ್ಟು ಕಡತವನ್ನು ಮಾತ್ರ ಬದಲಿಸಿ ಚಿತ್ರ ತೆಗೆದು ಪಕ್ಕಪಕ್ಕ ಇಡಬೇಕು. `Q8_0` ಮತ್ತು 16 ಬಿಟ್‌ನ ಚಿತ್ರಗಳನ್ನು ಹಾಗೆ ಇಟ್ಟರೆ ಬರಿಗಣ್ಣಿಗೆ ಹೆಚ್ಚಿನ ಸಲ ವ್ಯತ್ಯಾಸವೇ ಸಿಗುವುದಿಲ್ಲ. ಎಫ್‌ಪಿ8ನಲ್ಲಿ ಹಿನ್ನೆಲೆಯ ಕಿಟಕಿ ಒಂದಿಷ್ಟು ಸರಿದಿರುತ್ತದೆ, ಅಂಗಿಯ ಮಡಿಕೆ ಬದಲಾಗಿರುತ್ತದೆ. ನಾಲ್ಕು ಬಿಟ್‌ಗಳಿಗೆ ಬಂದಾಗ ನಿಂತ ಭಂಗಿಯೇ ಬೇರೆಯಾಗಿರಬಹುದು.

ಇಲ್ಲಿ ಒಂದು ಎಚ್ಚರ ಬೇಕು. ಬೇರೆಯಾಗುವುದೂ ಕೆಡುವುದೂ ಒಂದೇ ಅಲ್ಲ. ಚಿತ್ರದ ಒಟ್ಟು ವಿನ್ಯಾಸ ನಿರ್ಧಾರವಾಗುವುದು ಮೊದಲ ಕೆಲವು ಹಂತಗಳಲ್ಲಿ. ಅಲ್ಲಿ ಆದ ಅಲ್ಪ ದುಂಡುತನದ ತಪ್ಪು ಮುಂದಿನ ಹಂತಗಳಿಗೆ ಬೇರೆ ಆರಂಭವನ್ನು ಕೊಡುತ್ತದೆ, 20ನೇ ಹಂತದ ಹೊತ್ತಿಗೆ ಎರಡು ಚಿತ್ರಗಳು ದೂರ ಸರಿದಿರುತ್ತವೆ. ಆದರೆ ಹಾಗೆ ದೂರ ಸರಿದ ಚಿತ್ರ ತನ್ನಷ್ಟಕ್ಕೆ ಚೆನ್ನಾಗಿಯೇ ಇರಬಹುದು. ಸೀಡ್ ಸಂಖ್ಯೆಯನ್ನು ಒಂದರಷ್ಟು ಬದಲಿಸಿದರೂ ಬೇರೆಯೇ ಚಿತ್ರ ಬರುತ್ತಿತ್ತು. ಒಂದೇ ಜೋಡಿ ಚಿತ್ರಗಳನ್ನು ತೋರಿಸಿ ಒಂದು ಬಗೆ ಕೆಟ್ಟದ್ದೆಂದು ತೀರ್ಪು ಕೊಡುವವರ ಮಾತಿಗೆ ಆದ್ದರಿಂದ ಹೆಚ್ಚು ತೂಕವಿಲ್ಲ. ಹಲವು ಸೀಡ್‌ಗಳಲ್ಲಿ, ತಪ್ಪಿದರೆ ತಕ್ಷಣ ಕಾಣುವಂಥ ವಿಷಯಗಳನ್ನೇ ಕೇಳಿ ನೋಡಬೇಕು: ಬೋರ್ಡಿನ ಮೇಲೆ ಏಳೆಂಟು ಇಂಗ್ಲಿಷ್ ಪದಗಳ ಬರಹ, ಪಾತ್ರೆ ಹಿಡಿದ ಕೈ, ಗುಂಪಿನಲ್ಲಿ ದೂರದ ಮುಖಗಳು, ನೇಯ್ಗೆ ಕಾಣುವ ಬಟ್ಟೆ. 4 ಬಿಟ್‌ಗಳಲ್ಲಿ ಮೊದಲು ಸೋಲುವುದು ಇವೇ. ಬರಹದಲ್ಲಿ ಒಂದು ಅಕ್ಷರ ಎರಡಾಗುತ್ತದೆ, ದೂರದ ಕಣ್ಣುಗಳು ಕಲಸಿಹೋಗುತ್ತವೆ, ಬಟ್ಟೆಯೂ ಚರ್ಮವೂ ಮೇಣದಂತೆ ನುಣುಪಾಗುತ್ತವೆ. ಚಿತ್ರದ ನಡುವೆ ನಿಂತ ಒಂದೇ ದೊಡ್ಡ ಮುಖ ಮಾತ್ರ ಕೊನೆಯವರೆಗೂ ಚೆನ್ನಾಗಿಯೇ ಕಾಣುತ್ತಿರುತ್ತದೆ, ಮತ್ತು ಹೋಲಿಕೆಗೆಂದು ಜನ ತೆಗೆಯುವುದೂ ಹೆಚ್ಚಾಗಿ ಅಂಥ ಚಿತ್ರಗಳನ್ನೇ. ಮೂರು ಬಿಟ್‌ಗಳಲ್ಲಿ ಕೈಕಾಲುಗಳ ಜೋಡಣೆ ತಪ್ಪತೊಡಗುತ್ತದೆ. 4 ಜಿಬಿಯ `Q2_K` ಕಡತ ಓಡುತ್ತದೆ ಎಂಬುದು ನಿಜ, ಆದರೆ ಅದಕ್ಕಿಂತ ಸಣ್ಣ ಮಾದರಿಯೊಂದನ್ನು ಪೂರ್ಣ ನಿಖರತೆಯಲ್ಲಿ ಓಡಿಸುವುದೇ ಲೇಸು.

ಟಿ5ಯನ್ನು ಕ್ವಾಂಟೈಸ್ ಮಾಡಿದಾಗ ಆಗುವ ಹಾನಿ ಇನ್ನೊಂದು ಬಗೆಯದು. ಅದು ಚಿತ್ರದ ನಯವನ್ನು ಮುಟ್ಟುವುದಿಲ್ಲ, ಪ್ರಾಂಪ್ಟಿನ ಗ್ರಹಿಕೆಯನ್ನು ಮುಟ್ಟುತ್ತದೆ. ಮೂರು ಹಣ್ಣು ಕೇಳಿದರೆ ನಾಲ್ಕು ಬರಬಹುದು, ಎಡಗಡೆ ಇರಬೇಕಾದದ್ದು ಬಲಕ್ಕೆ ಹೋಗಬಹುದು, ಒಂದರ ಬಣ್ಣ ಇನ್ನೊಂದಕ್ಕೆ ಅಂಟಿಕೊಳ್ಳಬಹುದು. ಚಿತ್ರ ಸ್ವಚ್ಛವಾಗಿಯೇ ಇರುವುದರಿಂದ ದೋಷ ಎಲ್ಲಿಂದ ಬಂತೆಂದು ಹೊಳೆಯುವುದೂ ಇಲ್ಲ. ಅದೃಷ್ಟಕ್ಕೆ ಟಿ5ಯನ್ನು ಅಷ್ಟು ಹಿಂಡಬೇಕಾದ ಅಗತ್ಯ ಕಡಿಮೆ. ಅದು ಪ್ರಾಂಪ್ಟಿಗೆ ಒಂದೇ ಸಲ ಓಡುವುದರಿಂದ ಕಾರ್ಡಿನ ಬದಲು ಪ್ರೊಸೆಸರಿನಲ್ಲೇ ಓಡಿಸಿದರೂ ಆಗುವ ನಷ್ಟ ಕೆಲವು ಸೆಕೆಂಡುಗಳು. ಸೀಡ್ ಮಾತ್ರ ಬದಲಿಸಿ ಹಲವು ಚಿತ್ರ ತೆಗೆಯುವಾಗ ಅದೂ ಇಲ್ಲ, ಹಿಂದಿನ ಫಲಿತಾಂಶವನ್ನೇ ತಂತ್ರಾಂಶ ಬಳಸಿಕೊಳ್ಳುತ್ತದೆ.

ಕನ್ನಡದಲ್ಲಿ ಪ್ರಾಂಪ್ಟ್ ಬರೆದು ನೋಡಿದವರಿಗೆ ಸಂಬಂಧವಿಲ್ಲದ ಚಿತ್ರ ಬರುವುದಕ್ಕೂ ಕ್ವಾಂಟೈಸೇಷನ್ನಿಗೂ ನಂಟಿಲ್ಲ. ಟಿ5ಯ ಪದತುಣುಕುಗಳ ಪಟ್ಟಿಯನ್ನು ಇಂಗ್ಲಿಷ್ ಮತ್ತು ಕೆಲವು ಯುರೋಪಿನ ಭಾಷೆಗಳಿಗಾಗಿ ಮಾಡಿದ್ದಾರೆ. ಕನ್ನಡ ಲಿಪಿ ಆ ಪಟ್ಟಿಯಲ್ಲಿ ಇಲ್ಲದ್ದರಿಂದ ಇಡೀ ವಾಕ್ಯ ಅದಕ್ಕೆ ಗುರುತಿಲ್ಲದ ಚಿಹ್ನೆಗಳ ಸಾಲು. 16 ಬಿಟ್‌ನ ಕಡತ ತಂದರೂ ಇದು ಸರಿಯಾಗುವುದಿಲ್ಲ.

ಚಿಕ್ಕ ಕಡತ ಎಂದರೆ ವೇಗದ ಕೆಲಸ ಎಂಬ ನಿರೀಕ್ಷೆಯೂ ಇಲ್ಲಿ ಹುಸಿಯಾಗುತ್ತದೆ. ಭಾಷಾ ಮಾದರಿಗಳು ಒಂದೊಂದು ಪದತುಣುಕಿಗೂ ಇಡೀ ಮಾದರಿಯನ್ನು ಮೆಮೊರಿಯಿಂದ ಓದಬೇಕು. ಅಲ್ಲಿ ಅಡ್ಡಿಯಾಗುವುದು ಓದುವ ವೇಗವಾದ್ದರಿಂದ ಕಡತ ಅರ್ಧವಾದರೆ ವೇಗ ಹೆಚ್ಚುತ್ತದೆ. ಚಿತ್ರ ಮಾದರಿ ಹಾಗಲ್ಲ. ಒಂದು ಸಲ ಓದಿದ ಪ್ಯಾರಾಮೀಟರನ್ನು ಅದು ಸಾವಿರಾರು ತುಣುಕುಗಳಿಗೆ ಒಟ್ಟಿಗೇ ಬಳಸುತ್ತದೆ. ಫ್ಲಕ್ಸ್‌ನ ಒಂದೇ ಹಂತಕ್ಕೆ ಹತ್ತಾರು ಲಕ್ಷ ಕೋಟಿ ಗುಣಾಕಾರ ಸಂಕಲನಗಳು ಬೇಕು. ಅಡ್ಡಿ ಇರುವುದು ಲೆಕ್ಕದಲ್ಲಿ, ಓದುವುದರಲ್ಲಿ ಅಲ್ಲ. ಅದರ ಮೇಲೆ, ಜಿಜಿಯುಎಫ್ ಕಡತದ 4 ಬಿಟ್ ಸಂಖ್ಯೆಗಳನ್ನು ಕಾರ್ಡು ಹಾಗೇ ಗುಣಿಸಲಾರದು. ಪ್ರತಿ ಹಂತದಲ್ಲೂ ಪ್ರತಿ ಪದರವನ್ನೂ 16 ಬಿಟ್‌ಗಳಿಗೆ ಬಿಡಿಸಿಕೊಂಡು ಲೆಕ್ಕ ಮಾಡಿ, ಬಿಡಿಸಿದ್ದನ್ನು ಎಸೆಯಬೇಕು. ಹೀಗಾಗಿ ಇಡೀ ಮಾದರಿ ಹಿಡಿಯುವಷ್ಟು ದೊಡ್ಡ ಕಾರ್ಡಿನಲ್ಲಿ ಜಿಜಿಯುಎಫ್ ಕಡತ 16 ಬಿಟ್ ಕಡತಕ್ಕಿಂತ ನಿಧಾನವಾಗುವುದೇ ಹೆಚ್ಚು. ಹೊರಚೆಲ್ಲುವುದನ್ನು ತಪ್ಪಿಸಿದಾಗ ಸಿಗುವ ವೇಗ ಬೇರೆ ಮಾತು.

ನಿಜವಾದ ವೇಗ ಬೇಕೆಂದರೆ ಲೆಕ್ಕವೇ ಕಡಿಮೆ ಬಿಟ್‌ಗಳಲ್ಲಿ ನಡೆಯಬೇಕು, ಅದಕ್ಕೆ ಕಾರ್ಡಿನ ಚಿಪ್ಪಿನಲ್ಲಿ ಅನುಕೂಲ ಇರಬೇಕು. ಆರ್‌ಟಿಎಕ್ಸ್ 40 ಸರಣಿಯ ಕಾರ್ಡುಗಳು ಎಫ್‌ಪಿ8ನಲ್ಲಿ ನೇರವಾಗಿ ಗುಣಿಸಬಲ್ಲವು. 3060ಗೆ ಆ ಶಕ್ತಿಯಿಲ್ಲ, ಅಲ್ಲಿ ಎಫ್‌ಪಿ8 ಜಾಗ ಉಳಿಸುವ ಉಪಾಯ ಮಾತ್ರ. ಆದರೆ 4 ಬಿಟ್‌ನ ಪೂರ್ಣಾಂಕಗಳನ್ನು 3060 ಗುಣಿಸಬಲ್ಲದು. ಎಸ್‌ವಿಡಿಕ್ವಾಂಟ್ ಇದನ್ನೇ ಬಳಸಿಕೊಳ್ಳುತ್ತದೆ: ಪ್ಯಾರಾಮೀಟರ್‌ಗಳ ಜೊತೆಗೆ ಹರಿದುಬರುವ ತುಣುಕುಗಳ ಸಂಖ್ಯೆಗಳನ್ನೂ 4 ಬಿಟ್‌ಗಳಿಗಿಳಿಸಿ ಅದೇ ರೂಪದಲ್ಲಿ ಲೆಕ್ಕ ಮುಗಿಸುತ್ತದೆ. ಅದನ್ನು ಓಡಿಸುವ ನುಂಚಾಕು ಎಂಬ ತಂತ್ರಾಂಶದಲ್ಲಿ ಮೆಮೊರಿ ಮತ್ತು ಸಮಯ ಎರಡೂ ಉಳಿಯುತ್ತವೆ. ಪ್ರತಿಯಾಗಿ, ಪ್ರತಿ ಮಾದರಿಗೂ ಕಡತವನ್ನು ಬೇರೆಯಾಗಿ, ಸಾಕಷ್ಟು ಶ್ರಮಪಟ್ಟು ತಯಾರಿಸಬೇಕು. ಜಿಜಿಯುಎಫ್ ಕಡತವನ್ನಾದರೆ ಯಾರು ಬೇಕಾದರೂ ಮನೆಯಲ್ಲೇ ಮಾಡಿಕೊಳ್ಳಬಹುದು.

ಇನ್ನುಳಿದದ್ದು ಲೋರಾಗಳ ವಿಷಯ. ಒಂದು ಶೈಲಿಯನ್ನೋ ಒಂದು ಮುಖವನ್ನೋ ಮಾದರಿಗೆ ಕಲಿಸುವ ಈ ಸಣ್ಣ ಜೋಡಣೆಗಳು ಪ್ಯಾರಾಮೀಟರ್‌ಗಳಲ್ಲಿ ಮಾಡುವ ಬದಲಾವಣೆ ಬಲು ಚಿಕ್ಕದು. ಮೇಲಿನ 0.0123 ಒಂದು ಲೋರಾದಿಂದ 0.0131 ಆಗಬೇಕಿದೆ ಎನ್ನೋಣ. ಅದನ್ನು ಮಾದರಿಯಲ್ಲಿ ಬೆರೆಸಿ ಮತ್ತೆ 4 ಬಿಟ್‌ಗಳಿಗೆ ಇಳಿಸಿದರೆ, ಬೆಲೆಗಳ ಅಂತರ 0.005 ಆಗಿದ್ದಲ್ಲಿ 0.0123 ಇಳಿಯುವುದು 0.010ಕ್ಕೆ, 0.0131 ಏರುವುದು 0.015ಕ್ಕೆ. 0.0008ರ ಬದಲಾವಣೆ ಆರು ಪಟ್ಟು ಹಿಗ್ಗಿತು. ಅದೇ ಲೋರಾ ಪಕ್ಕದ 0.0110ನ್ನು 0.0118ಕ್ಕೆ ಒಯ್ದಿದ್ದರೆ ಎರಡೂ 0.010 ಆಗಿ ಬದಲಾವಣೆಯೇ ಮಾಯ. ಬೆರೆಸಿದ 4 ಬಿಟ್ ಕಡತಗಳಲ್ಲಿ ಲೋರಾ ಕೆಲವೊಮ್ಮೆ ಹಿಡಿಯದೆ, ಕೆಲವೊಮ್ಮೆ ಅತಿಯಾಗಿ ಹಿಡಿದಂತೆ ಕಾಣುವುದು ಇದರಿಂದ. ಬೆರೆಸದೆ 16 ಬಿಟ್‌ಗಳಲ್ಲೇ ಇಟ್ಟು, ಪದರವನ್ನು ಬಿಡಿಸಿದ ಹೊತ್ತಿನಲ್ಲಿ ಕೂಡಿಸುವ ವಿಧಾನದಲ್ಲಿ ಈ ದೋಷವಿಲ್ಲ. ಕಂಫಿಯುಐಯಲ್ಲಿ ಜಿಜಿಯುಎಫ್ ಕಡತಗಳಿಗೆ ಲೋರಾ ಕೂಡುವುದು ಹೀಗೆಯೇ. ಇದಕ್ಕೆ ಪ್ರತಿ ಹಂತದಲ್ಲಿ ಸ್ವಲ್ಪ ಹೆಚ್ಚು ಸಮಯವೂ ಲೋರಾ ಕಡತದಷ್ಟು ಹೆಚ್ಚುವರಿ ಮೆಮೊರಿಯೂ ಬೇಕು. 12 ಜಿಬಿಯ ಕಾರ್ಡಿನಲ್ಲಿ ಎರಡು ಮೂರು ಲೋರಾಗಳನ್ನು ಒಟ್ಟಿಗೆ ಬಳಸುವವರು `Q6_K` ಬಿಟ್ಟು `Q5_K_S`ಗೆ ಇಳಿಯುವುದು ಈ ಕಾರಣಕ್ಕೆ.